ಹೊಟ್ಟೆನೋವಿನ ಪುಸ್ತಕದಲ್ಲಿ ನೋವಿಲ್ಲದ ದಿನವನ್ನೂ ಬರೆಯಿರಿ

ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕದ ಕಡೆ ಹೊಟ್ಟೆನೋವು ಎಂದರೆ ಮೊದಲ ಮಾತು "ಗ್ಯಾಸ್", ಬೇಸಿಗೆಯಾದರೆ ಎರಡನೆಯದು "ಹಲಸಿನ ಹಣ್ಣು ಜಾಸ್ತಿ ಆಯ್ತು". ನನ್ನ ತಂಗಿಗೂ ವರ್ಷವಿಡೀ ಇದನ್ನೇ ಹೇಳಿದೆವು. ತಿಂಗಳಿಗೆ ಮೂರ್ನಾಲ್ಕು ಸಲ ರಾತ್ರಿ ನೋವು ಬರುವುದು, ಓಮದ ಕಷಾಯ ಕುಡಿಯುವುದು, ಬೆಳಗಾಗುವಾಗ ಹೋಗಿರುವುದು. ಡಾಕ್ಟರ ಹತ್ತಿರ ಹೋದ ದಿನ ನೋವೇ ಇಲ್ಲ. "ಯಾವಾಗ ಬರುತ್ತದೆ?" ಎಂದು ಅವರು ಕೇಳಿದರೆ "ಆಗಾಗ" ಎನ್ನುವಳು. ಆ ಒಂದು ಶಬ್ದ ಹಿಡಿದುಕೊಂಡು ಡಾಕ್ಟರಾದರೂ ಏನು ಮಾಡಿಯಾರು?

ಕೊನೆಗೆ ಮಕ್ಕಳ ಒಂದು ಹಳೆಯ ನೋಟುಪುಸ್ತಕಕ್ಕೆ ನೂಲು ಕಟ್ಟಿ, ಪೆನ್ಸಿಲ್ ಸಮೇತ ಅವಳ ಅಡುಗೆಮನೆಯ ಮೊಳೆಗೆ ನೇತುಹಾಕಿದೆ. ಕೋಣೆಯ ಕಪಾಟಿನಲ್ಲಿಟ್ಟರೆ ಮರೆತುಹೋಗುತ್ತದೆ. ದಿನಕ್ಕೆ ಒಂದು ಪುಟ. ಮೂರು ಹೊತ್ತು ತಿಂದದ್ದೇನು, ಎಷ್ಟು ಗಂಟೆಗೆ ಎಂಬುದನ್ನು ಚಿಕ್ಕದಾಗಿ ಬರೆಯಬೇಕು. ಹೊಟ್ಟೆ ಸರಿಯಾಗಿ ಹೋಯಿತೋ ಇಲ್ಲವೋ, ಮುಟ್ಟಿನ ದಿನವೋ, ಯಾವ ಮಾತ್ರೆ ನುಂಗಿದ್ದು, ಇವೂ ಬೇಕು. ಮಂಡಿನೋವಿಗೆ ನುಂಗಿದ ಮಾತ್ರೆಯನ್ನೂ ಬಿಡಬೇಡಿ. ಕೆಲವು ನೋವಿನ ಮಾತ್ರೆಗಳಿಂದಲೇ ಹೊಟ್ಟೆ ಉರಿಯುತ್ತದೆ, ಹುಣ್ಣೂ ಆಗುತ್ತದೆ.

ನೋವು ಬಂದರೆ ಶುರುವಾದ ಗಂಟೆ, ನಿಂತ ಗಂಟೆ, ಎಲ್ಲಿ, ಎಲ್ಲಿಗೆ ಹರಿಯಿತು, ಸೊನ್ನೆಯಿಂದ ಹತ್ತರೊಳಗೆ ಎಷ್ಟು ಎಂದು ಬರೆಯಿರಿ. ಜಾಗಕ್ಕೆ ಮಾತು ಸಿಗದಿದ್ದರೆ ಹೊಟ್ಟೆಯ ಚಿತ್ರ ಗೀಚಿ ಅಡ್ಡಗೆರೆ ಹಾಕಿ. ನಮಗಿಲ್ಲಿ ಇದರಿಂದ ಇನ್ನೊಂದು ಉಪಕಾರವಿದೆ. ಡಾಕ್ಟರದು ಮಲಯಾಳ, ನಮ್ಮದು ಕನ್ನಡ; "ಹಿಂಡಿದ ಹಾಗೆ", "ಮುರಿದ ಹಾಗೆ" ಎನ್ನುವುದು ದಾಟುವಷ್ಟರಲ್ಲಿ ಅರ್ಥ ಬದಲಾಗಿರುತ್ತದೆ. ಗಂಟೆಗೂ ಅಂಕೆಗೂ ಚಿತ್ರಕ್ಕೂ ಆ ತೊಂದರೆಯಿಲ್ಲ.

ತಂಗಿ ಮೊದಲ ವಾರ ಮಾಡಿದ ತಪ್ಪನ್ನು ಎಲ್ಲರೂ ಮಾಡುತ್ತಾರೆ. ನೋವು ಬಂದ ದಿನ ಮಾತ್ರ ಬರೆದಳು, ಅದೂ "ಹಲಸಿನಿಂದ ಗ್ಯಾಸ್" ಎಂದು. ಅದು ಕಂಡದ್ದಲ್ಲ, ಊಹಿಸಿದ್ದು. ಅದನ್ನು ಹೊಡೆದುಹಾಕಿಸಿ, ಸುಖವಾಗಿದ್ದ ದಿನದ ಊಟವನ್ನೂ ಆ ರಾತ್ರಿಯೇ ಬರೆಯಲು ಹೇಳಿದೆ. ವಾರದ ಕೊನೆಗೆ ಕೂತು ನೆನಪಿನಿಂದ ಬರೆದರೆ ಮನಸ್ಸು ತನಗೆ ಬೇಕಾದ್ದನ್ನೇ ನೆನಪಿಸಿಕೊಳ್ಳುತ್ತದೆ. ಪಥ್ಯವನ್ನೂ ಆಗಲೇ ಶುರು ಮಾಡಬೇಡ, ಎಂದಿನಂತೆ ಉಣ್ಣು ಎಂದೆ.

ನಾಲ್ಕು ವಾರ ಕಳೆದ ಮೇಲೆ ಇಬ್ಬರೂ ಜಗಲಿಯಲ್ಲಿ ಕೂತು ಪುಟ ತಿರುಗಿಸಿದೆವು. ಹಲಸಿನ ಸೊಳೆ ತಿಂದದ್ದು ಹನ್ನೊಂದು ದಿನ. ಅದರಲ್ಲಿ ಹತ್ತು ದಿನ ಏನೂ ಆಗಿಲ್ಲ. ನೋವು ಬಂದದ್ದು ನಾಲ್ಕು ಸಲ. ಒಂದು ಸಲ ಸಂಜೆ ತೆಂಗಿನೆಣ್ಣೆಯಲ್ಲಿ ಕರಿದ ಹಲಸಿನ ಮುಳ್ಕ ತಿಂದಿದ್ದಳು, ಎರಡು ಸಲ ಮದುವೆಮನೆಯಲ್ಲಿ ತುಪ್ಪ ಸುರಿದ ಹೋಳಿಗೆ. ಇನ್ನೊಂದು ದಿನ ಬರೀ ಗಂಜಿ ಉಂಡಿದ್ದಳು, ಅದಕ್ಕೆ ಕಾರಣ ಕಾಣಲಿಲ್ಲ; ಹಾಗೆಯೇ ಬಿಟ್ಟೆವು. ಹೊಂದದ್ದನ್ನು ಅಳಿಸಿ ಹೊಂದಿಸಬಾರದು. ಜಿಡ್ಡು ತಿಂದ ಮೂರು ಸಲವೂ ಒಂದೆರಡು ಗಂಟೆಯ ನಂತರ, ಬಲಗಡೆ ಪಕ್ಕೆಲುಬಿನ ಕೆಳಗೆ ಹಿಡಿದು, ಬೆನ್ನಿನ ಬಲಹೆಗಲಿಗೆ ಹರಿದು, ಎರಡು ಮೂರು ಗಂಟೆ ಬಿಡದೆ ಇತ್ತು. ಗ್ಯಾಸಿನ ಮಾತ್ರೆ ನುಂಗಿದ್ದಕ್ಕೆ ಎದುರಾಗಿ "ಇಳಿಯಲಿಲ್ಲ" ಎಂದು ಬರೆದಿತ್ತು.

ಡಾಕ್ಟರಿಗೆ ಎಲ್ಲ ಪುಟ ಓದುವಷ್ಟು ಪುರುಸೊತ್ತು ಎಲ್ಲಿಂದ? ಆ ನಾಲ್ಕು ಸಲದ್ದನ್ನು ಒಂದೇ ಹಾಳೆಗೆ ಇಳಿಸಿ ಮೇಲೆ ಪಿನ್ ಮಾಡಿದೆ. ಅವರು ಹಾಳೆ ಓದಿ, ಹೆಗಲಿನ ಮಾತು ಎರಡು ಸಲ ಕೇಳಿ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಸ್ಕ್ಯಾನಿಂಗಿಗೆ ಬರಹೇಳಿದರು. ಪಿತ್ತಕೋಶದಲ್ಲಿ ಕಲ್ಲು. ಕಲ್ಲು ಕಂಡದ್ದು ಸ್ಕ್ಯಾನಿಂಗಿನಲ್ಲಿ, ಪುಸ್ತಕದಲ್ಲಲ್ಲ. ಎಲ್ಲಿ ಹುಡುಕಬೇಕು ಎಂದು ಪುಸ್ತಕ ತೋರಿಸಿತು, ಅಷ್ಟೇ. ಇದೇ ಜಾಗದ ನೋವಿಗೆ ಬೇರೆ ಕಾರಣಗಳೂ ಇರುತ್ತವೆ. ಹಾಗಾಗಿ ನಿಮ್ಮ ಪುಟ ನಮ್ಮದರ ಹಾಗೆ ಕಂಡರೂ ರೋಗದ ಹೆಸರು ನೀವೇ ಇಡಬೇಡಿ.

ಇನ್ನು ಕೆಲವು ನೋವಿಗೆ ಪುಸ್ತಕ ಹಿಡಿದು ಕೂರಲೇಬಾರದು. ಜ್ವರ ಅಥವಾ ಕಣ್ಣು ಹಳದಿ, ರಕ್ತವಾಂತಿ, ಡಾಂಬರಿನಂತೆ ಕಪ್ಪು ಮಲ, ಮುಟ್ಟಲಾಗದಷ್ಟು ಗಟ್ಟಿಯಾದ ಹೊಟ್ಟೆ, ವಾಂತಿಯೊಡನೆ ಗಾಳಿಯೂ ಮಲವೂ ಹೋಗದೆ ಉಬ್ಬರ, ಎದೆಗೆ ಹಿಡಿದ ನೋವು, ಬೆವರು, ಗರ್ಭಿಣಿಗೆ ಬಂದ ಜೋರು ನೋವು, ಗಂಟೆಗಟ್ಟಲೆ ಇಳಿಯದೆ ಏರುತ್ತಲೇ ಇರುವ ನೋವು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎನ್ನದೆ ಆಗಲೇ ಜೀಪೋ ರಿಕ್ಷಾವೋ ಕರೆಸಿ. ಹೊರಡುವಾಗ ಮೊಳೆಯಲ್ಲಿರುವ ಪುಸ್ತಕ ಕೈಚೀಲಕ್ಕೆ ಹಾಕಿಕೊಳ್ಳಿ.