ಅಳಿವೆಯ ಭರತ–ಇಳಿತದಿಂದ ಕೊಸೈನ್ ನಕ್ಷೆ ಬಿಡಿಸುವುದು ಹೇಗೆ?

ಆಂಪ್ಲಿಟ್ಯೂಡ್, ಆವರ್ತ, ಫೇಸ್ ಶಿಫ್ಟ್ ಮತ್ತು ಲಂಬ ಸರಿತ ಈ ನಾಲ್ಕೂ ಒಂದೇ ಸಮೀಕರಣದಲ್ಲಿ ಸೇರಿ ಬಂದಾಗ ಪಿಯುಸಿ ವಿದ್ಯಾರ್ಥಿಗಳಲ್ಲಿ ಹಲವರು ಮೊದಲು y = cos x ನಕ್ಷೆಯನ್ನು ಬಿಡಿಸಿ, ಬಳಿಕ ಅದನ್ನೇ ಹಿಗ್ಗಿಸಿ, ಕುಗ್ಗಿಸಿ, ಸರಿಸುತ್ತ ಹೋಗುತ್ತಾರೆ. ಹಾಳೆಯಲ್ಲಿ ನಾಲ್ಕು ಗೆರೆಗಳು ಒಂದರ ಮೇಲೊಂದು ಬಿದ್ದು, ಉತ್ತರದ ಗೆರೆ ಯಾವುದೆಂದು ಅವರಿಗೇ ತಿಳಿಯದಂತಾಗುತ್ತದೆ. ಮೊದಲು ಅಲೆ ನಿಲ್ಲಬೇಕಾದ ಚೌಕಟ್ಟನ್ನು ಹಾಕಿ, ಅದರೊಳಗೆ ಐದು ಬಿಂದುಗಳನ್ನು ಗುರುತಿಸಿ, ವಕ್ರರೇಖೆಯನ್ನು ಕಡೆಗೆ ಒಂದೇ ಸಲ ಎಳೆಯುವುದು ಇದಕ್ಕಿಂತ ಉತ್ತಮವಾದ ಕ್ರಮ.

ಮಂಗಳೂರಿನ ಅಳಿವೆ ಬಾಗಿಲಿನ ನೀರಿನ ಮಟ್ಟವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಲೆಕ್ಕ ಸುಲಭವಾಗಲೆಂದು, ಬೆಳಗಿನ ಜಾವ 2 ಗಂಟೆಗೆ ಭರತದ ಮಟ್ಟ 1.4 ಮೀಟರ್, 8 ಗಂಟೆಗೆ ಇಳಿತದ ಮಟ್ಟ 0.4 ಮೀಟರ್, ಒಂದು ಭರತದಿಂದ ಮುಂದಿನ ಭರತಕ್ಕೆ 12 ಗಂಟೆ ಎಂದು ಭಾವಿಸೋಣ. ಮಧ್ಯರಾತ್ರಿಯಿಂದ ಕಳೆದ ಗಂಟೆಗಳು t ಆದರೆ, ಸಮೀಕರಣ ಹೀಗಿರುತ್ತದೆ:

y = 0.5 cos(πt/6 − π/3) + 0.9

ಮೊದಲ ಹೆಜ್ಜೆ: ನಡುಗೆರೆ ಮತ್ತು ಎರಡು ಅಂಚುಗಳು. ಕೊನೆಯಲ್ಲಿ ಕೂಡಿಸಿರುವ 0.9 ಲಂಬ ಸರಿತ. ಆ ಎತ್ತರದಲ್ಲಿ ಚುಕ್ಕೆಗಳ ಅಡ್ಡಗೆರೆ ಹಾಕಿರಿ. ಕೊಸೈನ್ ಹಿಂದಿರುವ 0.5 ಆಂಪ್ಲಿಟ್ಯೂಡ್, ನಡುಗೆರೆಯಿಂದ ಅಷ್ಟು ಮೇಲೆ 1.4ರಲ್ಲಿ, ಅಷ್ಟೇ ಕೆಳಗೆ 0.4ರಲ್ಲಿ ಇನ್ನೆರಡು ಗೆರೆಗಳನ್ನು ಹಾಕಿರಿ. ಭರತ–ಇಳಿತಗಳ ಅಂತರ 1 ಮೀಟರ್ ಇದ್ದರೂ ಆಂಪ್ಲಿಟ್ಯೂಡ್ ಅದರ ಅರ್ಧ ಮಾತ್ರ ಎಂಬುದನ್ನು ಇಲ್ಲಿಯೇ ಗಮನಿಸಬೇಕು.

ಎರಡನೆಯ ಹೆಜ್ಜೆ: ಆವರಣದೊಳಗಿನ ಸಾಮಾನ್ಯ ಅಪವರ್ತನ. ಅತಿ ಹೆಚ್ಚು ತಪ್ಪುಗಳಾಗುವುದು ಇಲ್ಲಿ. ಆವರಣದಲ್ಲಿ π/3 ಕಂಡೊಡನೆ ನಕ್ಷೆಯನ್ನು π/3ರಷ್ಟು ಬಲಕ್ಕೆ ಸರಿಸಿಬಿಡುತ್ತಾರೆ. ಆದರೆ t ಜೊತೆಗಿರುವ π/6 ಅನ್ನು ಮೊದಲು ಹೊರಗೆ ತೆಗೆಯಬೇಕು:

y = 0.5 cos( (π/6)(t − 2) ) + 0.9

ಈಗ ಫೇಸ್ ಶಿಫ್ಟ್ 2 ಗಂಟೆ ಎಂಬುದು ಸ್ಪಷ್ಟ. π/3 ಎಂಬುದು ಕೋನದಲ್ಲಿ ಆದ ವ್ಯತ್ಯಾಸ. ಅಡ್ಡ ಅಕ್ಷದ ಮೇಲೆ ಎಷ್ಟು ಸರಿಯಬೇಕೆಂದು ತಿಳಿಯಲು ಅದನ್ನು π/6ರಿಂದ ಭಾಗಿಸಬೇಕು. ಅನುಮಾನವಿದ್ದರೆ ಪರೀಕ್ಷಿಸುವ ದಾರಿಯೂ ಸುಲಭ. ಕೊಸೈನ್ ಹಿಂದಿರುವ ಸಂಖ್ಯೆ ಧನಾತ್ಮಕವಾಗಿದ್ದಾಗ, ಕೊಸೈನ್ ನಕ್ಷೆಯ ಆರಂಭದ ಶಿಖರದಲ್ಲಿ ಆವರಣದೊಳಗಿನ ಬೆಲೆ ಸೊನ್ನೆಯಾಗಲೇಬೇಕು. t = 2 ಎಂದು ಹಾಕಿದರೆ π/3 − π/3, ಅಂದರೆ ಸೊನ್ನೆ ಬರುತ್ತದೆ. t = π/3, ಸುಮಾರು 1.05, ಎಂದು ಹಾಕಿದರೆ ಸೊನ್ನೆ ಬರುವುದಿಲ್ಲ. ಆದ್ದರಿಂದ ಶಿಖರ ಅಲ್ಲಿಲ್ಲ. ಆವರಣದಲ್ಲಿ t + 2 ಇದ್ದಿದ್ದರೆ ಇದೇ ಪರೀಕ್ಷೆ t = −2 ಎಂದು ಹೇಳುತ್ತಿತ್ತು, ನಕ್ಷೆ ಎಡಕ್ಕೆ ಸರಿಯುತ್ತಿತ್ತು.

ಮೂರನೆಯ ಹೆಜ್ಜೆ: ಆವರ್ತವನ್ನು ನಾಲ್ಕು ಪಾಲು ಮಾಡುವುದು. 2π ಅನ್ನು π/6ರಿಂದ ಭಾಗಿಸಿದರೆ ಆವರ್ತ 12. ಅದರ ಕಾಲು ಭಾಗ 3. t = 2ರಿಂದ ಆರಂಭಿಸಿ ಮೂರು ಮೂರು ಕೂಡಿಸುತ್ತ ಹೋದರೆ 2, 5, 8, 11, 14 ಸಿಗುತ್ತವೆ. ಕೊಸೈನ್ ಆದುದರಿಂದ ಎತ್ತರಗಳು ಶಿಖರ, ನಡು, ತಳ, ನಡು, ಶಿಖರ ಎಂಬ ಕ್ರಮದಲ್ಲಿ 1.4, 0.9, 0.4, 0.9, 1.4 ಆಗುತ್ತವೆ. ಆಂಪ್ಲಿಟ್ಯೂಡ್ ಹಿಂದೆ ಋಣ ಚಿಹ್ನೆ ಇದ್ದರೆ ಆರಂಭ ತಳದಿಂದ.

ನಾಲ್ಕನೆಯ ಹೆಜ್ಜೆ: ವಕ್ರರೇಖೆ. ಐದು ಬಿಂದುಗಳನ್ನು ಸ್ಕೇಲಿನಿಂದ ಜೋಡಿಸಿದರೆ ಅಂಕುಡೊಂಕು ಗೆರೆ ಬರುತ್ತದೆಯೇ ಹೊರತು ಕೊಸೈನ್ ಬರುವುದಿಲ್ಲ. ನೀರು ಭರತದಿಂದ ಇಳಿಯುವಾಗ ಮೊದಲ ಗಂಟೆಯಲ್ಲಿ ಸುಮಾರು 0.07 ಮೀಟರ್, ಎರಡನೆಯದರಲ್ಲಿ 0.18, ಮೂರನೆಯದರಲ್ಲಿ 0.25 ಇಳಿಯುತ್ತದೆ. ಆದ್ದರಿಂದ ಶಿಖರದಲ್ಲಿ ರೇಖೆ ದುಂಡಗೆ, ಬಹುಮಟ್ಟಿಗೆ ಸಮತಲವಾಗಿರಬೇಕು. ನಡುಗೆರೆಯನ್ನು ದಾಟುವಲ್ಲಿ ಅತ್ಯಂತ ಕಡಿದಾಗಿರಬೇಕು.

t = 0ಯಿಂದ 2ರವರೆಗಿನ ಭಾಗವನ್ನು ಬಿಡಿಸದೆ ಬಿಟ್ಟುಬಿಡುವುದುಂಟು. t = 0 ಆದಾಗ cos(−π/3) = 0.5 ಆದುದರಿಂದ y = 0.9 + 0.25 = 1.15, ರೇಖೆ ಲಂಬ ಅಕ್ಷದ ಈ ಬಿಂದುವಿನಿಂದ ಹೊರಟು ಶಿಖರಕ್ಕೆ ಏರಬೇಕು.

ಇದೇ ನಕ್ಷೆಯನ್ನು ಸೈನ್‌ನಿಂದಲೂ ಬರೆಯಬಹುದು. ಸೈನ್ ಆರಂಭವಾಗುವುದು ನಡುಗೆರೆಯನ್ನು ಮೇಲ್ಮುಖವಾಗಿ ದಾಟುವಲ್ಲಿ; ಅದು ಶಿಖರಕ್ಕಿಂತ ಕಾಲು ಆವರ್ತ ಹಿಂದೆ, ಅಂದರೆ t = −1ರಲ್ಲಿ. ಹಾಗಾಗಿ y = 0.5 sin( (π/6)(t + 1) ) + 0.9. ಇಲ್ಲಿಯೂ t = 0 ಹಾಕಿದರೆ 1.15 ಬರುತ್ತದೆ. ಸೈನ್‌ನಲ್ಲಿ ಬರೆದಾಗ ಫೇಸ್ ಶಿಫ್ಟ್ ಬದಲಾಯಿತು, ನಕ್ಷೆ ಬದಲಾಗಲಿಲ್ಲ.

ನಿಜವಾದ ಕಡಲಿನಲ್ಲಿ ಎರಡು ಭರತಗಳ ನಡುವೆ ಸರಾಸರಿ 12 ಗಂಟೆ 25 ನಿಮಿಷ ಇರುತ್ತದೆ. ಆಗ ಕಾಲು ಆವರ್ತ ಸುಮಾರು 3 ಗಂಟೆ 6 ನಿಮಿಷವಾಗುತ್ತದೆ, ಇಳಿತ 8.12ಕ್ಕೆ, ಮುಂದಿನ ಭರತ ಮಧ್ಯಾಹ್ನ 2.25ಕ್ಕೆ ಬರುತ್ತದೆ, ನಡುಗೆರೆ, ಅಂಚುಗಳು, 2 ಗಂಟೆಯ ಆರಂಭ ಇವು ಹಾಗೆಯೇ ಉಳಿಯುತ್ತವೆ. ನಮ್ಮ ಕರಾವಳಿಯಲ್ಲಿ ದಿನದ ಎರಡು ಭರತಗಳ ಎತ್ತರವೂ ಸಮನಾಗಿರುವುದಿಲ್ಲ. ಅದನ್ನು ತೋರಿಸಲು ಒಂದೇ ಕೊಸೈನ್ ಸಾಲದು. ಬೇರೆ ಬೇರೆ ಆವರ್ತಗಳ ಹಲವು ಕೊಸೈನ್‌ಗಳನ್ನು ಕೂಡಿಸಬೇಕಾಗುತ್ತದೆ.