ಉಡುಪಿ–ಕುಂದಾಪುರ ಸೈಕಲ್ ಸವಾರಿ ಮತ್ತು ಜೇಬಿನ ಗ್ಲೂಕೋಸ್

ಉಡುಪಿಯಿಂದ ಕುಂದಾಪುರಕ್ಕೆ ಸೈಕಲ್ಲಿನಲ್ಲಿ ಹೋಗಿ ಬರಲು ನನಗೆ ಹೆಚ್ಚುಕಡಿಮೆ ನಾಲ್ಕು ಗಂಟೆ ಬೇಕು. ಶುಗರಿಗೆ ತೆಗೆದುಕೊಳ್ಳುವ ಮಾತ್ರೆಯಲ್ಲಿ ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ವೋಗ್ಲಿಬೋಸ್ ಮೂರೂ ಇವೆ. ದಾರಿಯಲ್ಲಿ ಶುಗರ್ ಇಳಿಸುವುದು ಮುಖ್ಯವಾಗಿ ಗ್ಲಿಮೆಪಿರೈಡ್. ಹೊಟ್ಟೆ ಖಾಲಿಯಿದ್ದರೂ ಅದು ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಸವಾರಿಯ ದಿನ ಅದನ್ನು ಎಷ್ಟು ಕಡಿಮೆ ಮಾಡಬೇಕೆಂದು ಡಾಕ್ಟರ ಹತ್ತಿರ ಮೊದಲೇ ಕೇಳಿಟ್ಟುಕೊಂಡಿದ್ದೇನೆ.

ಜೇಬಿನಲ್ಲಿ ಯಾವ ಸಿಹಿ ಇರಬೇಕು ಎನ್ನುವುದು ಮಾತ್ರ ವೋಗ್ಲಿಬೋಸ್ ಕೈಯಲ್ಲಿದೆ. ಅದು ಕರುಳಿನಲ್ಲಿ ಸಕ್ಕರೆ ಒಡೆಯುವುದನ್ನೇ ತಡಮಾಡುತ್ತದೆ. ಹಾಗಾಗಿ ಶುಗರ್ ಇಳಿದಾಗ ಸಕ್ಕರೆ, ಬೆಲ್ಲ, ಪೆಪ್ಪರ್‌ಮಿಂಟು ತಿಂದರೆ ಬೇಗ ಏರುವುದಿಲ್ಲ. ಒಡೆಯಲು ಏನೂ ಉಳಿದಿರದ ಗ್ಲೂಕೋಸೇ ಬೇಕು. ಪೊಟ್ಟಣದ ಹಿಂಬದಿ ಓದಿಯೇ ಕೊಳ್ಳಿ, ಹಣ್ಣಿನ ರುಚಿಯ ಕೆಲವು ಪುಡಿಗಳಲ್ಲಿ ಸಕ್ಕರೆ ಬೆರೆಸಿರುತ್ತಾರೆ.

ನಮ್ಮ ಕರಾವಳಿಯ ಸೆಕೆಗೆ ಪುಡಿ ಪೊಟ್ಟಣದಲ್ಲೇ ಗಟ್ಟಿಯಾಗುತ್ತದೆ. ಏದುಸಿರಿನಲ್ಲಿ ಬಾಯಿಗೆ ಸುರಿದುಕೊಂಡರೆ ಕೆಮ್ಮು ಬೇರೆ. ಆದ್ದರಿಂದ ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದು ಬಾಟಲಿಗೂ 15 ಗ್ರಾಂ ತೂಗಿ, ಸುಮಾರು 60 ಮಿ.ಲೀ. ನೀರಿನಲ್ಲಿ ಕರಗಿಸಿ, ಹೊರಡುವ ಮುಂಚೆ ಮೂರು ಪುಟ್ಟ ಬಾಟಲಿ ತುಂಬಿಸಿಕೊಳ್ಳುತ್ತೇನೆ. ಅವು ಬೆನ್ನಿನ ಜೇಬಿನಲ್ಲಿರಬೇಕು, ಸೀಟಿನ ಕೆಳಗಿನ ಚೀಲದಲ್ಲಲ್ಲ. ಕೈ ನಡುಗುವಾಗ ಜಿಪ್ ಎಳೆಯಲು ಆಗುವುದಿಲ್ಲ.

ಒಂದು ದಿನದ ಲೆಕ್ಕ ಹೀಗೆ. ಮನೆಯಲ್ಲಿ 152. ನಲವತ್ತು ನಿಮಿಷದ ಮೇಲೆ ಬ್ರಹ್ಮಾವರದಲ್ಲಿ 118. ಆ 118ನ್ನು ಮಾತ್ರ ನೋಡಿದರೆ ಚೆನ್ನಾಗಿಯೇ ಇದೆ. ಆದರೆ 34 ಇಳಿದಿದೆ, ಇದೇ ವೇಗದಲ್ಲಿ ಇನ್ನು ನಲವತ್ತು ನಿಮಿಷಕ್ಕೆ 84. ಅಲ್ಲೇ ಎರಡು ಕದಳಿ ಬಾಳೆಹಣ್ಣು. ಅದು ಮುಂದಿನ ದಾರಿಗೆ ಆಗುವ ತಿಂಡಿ, ಆಗಲೇ ಇಳಿದ ಶುಗರಿಗೆ ಮದ್ದಲ್ಲ. ಕೋಟದಲ್ಲಿ 66 ಬಂತು ಎಂದರೆ ಸೈಕಲ್ ನಿಲ್ಲಿಸಿ ಒಂದು ಬಾಟಲಿ ಕುಡಿದು, ಕೂತು, 15 ನಿಮಿಷಕ್ಕೆ ಮತ್ತೆ ನೋಡುವುದು. ಆಗಲೂ 70ಕ್ಕಿಂತ ಕೆಳಗಿದ್ದರೆ ಎರಡನೆಯ ಬಾಟಲಿ. ಮೇಲೆ ಬಂದ ನಂತರ ಬಿಸ್ಕತ್ತು ತಿಂದು, 100 ದಾಟಿ ಅಲ್ಲೇ ನಿಂತ ಮೇಲೆ ಸವಾರಿ. 54ಕ್ಕಿಂತ ಕೆಳಗೆ ಹೋದರೆ ಆ ದಿನದ ಸವಾರಿ ಮುಗಿಯಿತು, ಸೈಕಲ್ ಆಟೋದಲ್ಲಿ ಬರಲಿ.

ಎಳನೀರು ಕುಡಿದರಾಯಿತು ಎನ್ನುವವರು ಬಹಳ. ಒಂದು ಲೋಟದಲ್ಲಿ ಸಿಗುವ ಸಕ್ಕರೆ 15 ಗ್ರಾಂ ಆಗುವುದಿಲ್ಲ. ಬನ್ಸ್ ಇನ್ನೂ ನಿಧಾನ, ಎಣ್ಣೆ ತಡೆಯುತ್ತದೆ.

ಮೀಟರ್ ಸುಳ್ಳು ಹೇಳುವುದು ಹೆಚ್ಚಾಗಿ ನಮ್ಮ ಬೆರಳಿನಿಂದ. ಬಾಳೆಹಣ್ಣು ಸುಲಿದ ಬೆರಳನ್ನೇ ಚುಚ್ಚಿದರೆ 66 ಇರುವಲ್ಲಿ 140 ತೋರಿಸಬಹುದು. ನೀರಿನಲ್ಲಿ ತೊಳೆದು, ಪೂರ್ತಿ ಒರೆಸಿ, ಆಮೇಲೆ ಚುಚ್ಚಬೇಕು. ತೋಳಿಗೆ ಸೆನ್ಸರ್ ಅಂಟಿಸಿಕೊಂಡವರೂ ಒಂದು ವಿಷಯ ನೆನಪಿಡಬೇಕು: ಶುಗರ್ ಇಳಿಯುತ್ತಿರುವಾಗ ಅದು ರಕ್ತಕ್ಕಿಂತ ಕೆಲವು ನಿಮಿಷ ಹಿಂದೆ ಇರುತ್ತದೆ. ಅಲ್ಲಿ 80, ಬಾಣ ಕೆಳಮುಖ ಎಂದಿದ್ದರೆ ಕುಡಿಯುವುದೇ ಸರಿ.

ಶುಗರ್ ಇಳಿದದ್ದನ್ನು ಬೆವರು ನೋಡಿ ತಿಳಿಯುವುದು ಇಲ್ಲಿ ಆಗದ ಮಾತು, ಎಲ್ಲರೂ ತೊಯ್ದಿರುತ್ತಾರೆ. ಗೇರ್ ಯಾವುದೆಂದು ಎರಡು ಸಲ ಯೋಚಿಸಬೇಕಾದರೆ ನಾನು ನಿಲ್ಲುತ್ತೇನೆ. ಸ್ನಾಯುಗಳು ಖಾಲಿಯಾದದ್ದನ್ನು ರಕ್ತದ ಸಕ್ಕರೆಯಿಂದ ತುಂಬಿಕೊಳ್ಳುವುದು ರಾತ್ರಿಯವರೆಗೂ ನಡೆಯುವುದರಿಂದ, ಮಲಗುವ ಮುಂಚೆ ಇನ್ನೊಂದು ಸ್ಟ್ರಿಪ್ ಖರ್ಚು.