‘ದುಡ್ಡು ಕೊಡ್ತೀರಾ?’ ಅಂತ ಕೇಳಿದ್ದೇ ನನ್ನ ಮೊದಲ ತಪ್ಪು

ನನ್ನದು ಎಕ್ಸೆಲ್ ಕಲಿಸುವ ವಿಡಿಯೋ ಚಾನೆಲ್. ನೋಡುವವರ ಹತ್ತಿರ ಎರಡು ಸಲ ಸರ್ವೆ ಮಾಡಿಸಿದ್ದೇನೆ. ಮೊದಲನೆಯದು ನನ್ನನ್ನು ದಾರಿ ತಪ್ಪಿಸಿತು, ಎರಡನೆಯದು ಕೈ ಹಿಡಿಯಿತು. ಎರಡಕ್ಕೂ ಇದ್ದ ವ್ಯತ್ಯಾಸ ಇಷ್ಟೇ: ಮೊದಲ ಸಲ ಜನ ಮುಂದೆ ಏನು ಮಾಡ್ತಾರೆ ಅಂತ ಕೇಳಿದೆ. ಎರಡನೇ ಸಲ ಈಗಾಗಲೇ ಏನು ಮಾಡಿದ್ದಾರೆ ಅಂತ ಕೇಳಿದೆ.

ಮೊದಲ ಸರ್ವೆಯಲ್ಲಿ 18 ಪ್ರಶ್ನೆ ಇದ್ದವು. ಅದರಲ್ಲಿ ಒಂದು, ‘ಅಡ್ವಾನ್ಸ್ಡ್ ಫಾರ್ಮುಲಾಗಳ ಕೋರ್ಸ್ ಮಾಡಿದರೆ ತಗೋತೀರಾ?’ ಹತ್ತರಲ್ಲಿ ಒಂಬತ್ತು ಜನ ಹೌದು ಅಂದಿದ್ದರು. ಅದನ್ನು ನಂಬಿ ಮೂರು ತಿಂಗಳು ಕೂತು ಕೋರ್ಸ್ ಮಾಡಿದೆ. ಕೊಂಡವರು 11 ಜನ. ಅವರು ಸುಳ್ಳು ಹೇಳಿದ್ದರು ಅಂತ ನನಗೆ ಅನ್ನಿಸಲಿಲ್ಲ. ಇಷ್ಟಪಟ್ಟು ನೋಡುವ ಚಾನೆಲ್‌ನವರು ‘ತಗೋತೀರಾ’ ಅಂದರೆ ‘ಇಲ್ಲ’ ಅನ್ನಲು ಯಾರಿಗೆ ಮನಸ್ಸು ಬರುತ್ತೆ? ಬೆಲೆ ಹೇಳಿರಲಿಲ್ಲ, ಯಾವಾಗ ಅಂತ ಹೇಳಿರಲಿಲ್ಲ. ಹೌದು ಅನ್ನೋದಕ್ಕೆ ಖರ್ಚೇನೂ ಇರಲಿಲ್ಲ.

ಎರಡನೇ ಸಲ ಏಳೇ ಪ್ರಶ್ನೆ ಇಟ್ಟೆ. ಕಳಿಸುವ ಮುಂಚೆ ಐದು ಜನರನ್ನು ಹಿಡಿದು, ಅವರು ಫಾರ್ಮ್ ತುಂಬುವಾಗ ಸುಮ್ನೆ ಪಕ್ಕದಲ್ಲಿ ಕೂತು ನೋಡಿದೆ. ‘ನಿಮ್ಮ ಎಕ್ಸೆಲ್ ಮಟ್ಟ ಯಾವುದು: ಆರಂಭಿಕ, ಮಧ್ಯಮ, ಮುಂದುವರಿದ’ ಅನ್ನುವ ಪ್ರಶ್ನೆ ಬಂದ ಕೂಡಲೇ ಐದರಲ್ಲಿ ನಾಲ್ಕು ಜನ ತಡವರಿಸಿದರು. ಒಬ್ಬರಂತೂ ನನ್ನ ಮುಖ ನೋಡಿ ‘ಯಾವುದು ಹಾಕ್ಲಿ?’ ಅಂದರು. ಅದನ್ನು ತೆಗೆದು, ಒಂದು ಶೀಟಿನ ಹೆಸರನ್ನು ಇನ್ನೊಂದರಲ್ಲಿ ಹುಡುಕಿ ಹೊಂದಿಸುವ ಫಾರ್ಮುಲಾ ಬಗ್ಗೆ ‘ನೀವಾಗಿಯೇ VLOOKUP ಬರೆದಿದ್ದೀರಾ?’ ಅಂತ ಹಾಕಿದೆ. ಮತ್ತೆ ಯಾರೂ ತಡವರಿಸಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಮೊದಲ ಪ್ರಶ್ನೆ: ‘ಕೊನೆಯ ಸಲ ಎಕ್ಸೆಲ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದು ಯಾವಾಗ? ಆಗ ಏನು ಮಾಡುತ್ತಿದ್ದಿರಿ, ಕೊನೆಗೆ ಹೇಗೆ ಮುಗಿಸಿದಿರಿ?’ ಇದಕ್ಕೆ ಆಯ್ಕೆಗಳನ್ನು ಕೊಡಲಿಲ್ಲ, ಬರೆಯಲು ಖಾಲಿ ಜಾಗ ಬಿಟ್ಟೆ. ಬೇಕೆಂದೇ ಮೊದಲಿಗೆ ಇಟ್ಟೆ. ಆಯ್ಕೆಗಳಿರುವ ಪ್ರಶ್ನೆಗಳು ಇದಕ್ಕಿಂತ ಮೊದಲು ಬಂದರೆ ಜನ ಅದರಲ್ಲಿರುವ ಪದಗಳನ್ನೇ ಇಲ್ಲೂ ಬರೆಯುತ್ತಾರೆ. ಬಂದ 214 ಉತ್ತರಗಳಲ್ಲಿ ಒಂದು ಹೀಗಿತ್ತು: ‘ಹೆಸರು ಎರಡೂ ಶೀಟಲ್ಲಿ ಇದೆ. ಕಣ್ಣಿಗೆ ಕಾಣ್ತಾ ಇದೆ. ಆದ್ರೂ #N/A ಬರುತ್ತೆ. ಕೊನೆಗೆ 400 ಸಾಲು ಕೈಯಲ್ಲೇ ಹೊಂದಿಸಿದೆ.’

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. #N/A ಅಂದರೆ ಹುಡುಕಿದ್ದು ಸಿಗಲಿಲ್ಲ ಅಂತ ಎಕ್ಸೆಲ್ ಹೇಳುವುದು. VLOOKUP ಬಗ್ಗೆ ನನ್ನ ನಾಲ್ಕು ವಿಡಿಯೋ ಇದ್ದವು. ಈ ವ್ಯಕ್ತಿ ಬರೆದ ಫಾರ್ಮುಲಾದಲ್ಲಿ ತಪ್ಪಿರಲಿಕ್ಕಿಲ್ಲ. ತೊಂದರೆ ಇರುವುದು ಡೇಟಾದಲ್ಲಿ. ಹೆಸರಿನ ಕೊನೆಗೆ ಕಣ್ಣಿಗೆ ಕಾಣದ ಸ್ಪೇಸ್ ಇದ್ದರೆ ಎರಡೂ ಒಂದೇ ಅಂತ ಎಕ್ಸೆಲ್ ಒಪ್ಪುವುದಿಲ್ಲ. ವೆಬ್‌ನಿಂದ ಕಾಪಿ ಮಾಡಿದ ಡೇಟಾದಲ್ಲಿ ಇನ್ನೊಂದು ಬಗೆಯ ಸ್ಪೇಸ್ ಬರುತ್ತೆ. ಅದು ಹೆಚ್ಚುವರಿ ಸ್ಪೇಸ್ ತೆಗೆಯುವ TRIM ಒಂದಕ್ಕೇ ಬಗ್ಗಲ್ಲ. ಹೀಗೆ ಬರೆಯಬೇಕು:

```
=TRIM(SUBSTITUTE(A2,UNICHAR(160)," "))
```

ನನ್ನ ವಿಡಿಯೋಗಳಲ್ಲಿ ನಾನು ಯಾವಾಗಲೂ ಚೊಕ್ಕವಾದ ಡೇಟಾ ಇಟ್ಟುಕೊಂಡೇ ಕಲಿಸುತ್ತಿದ್ದೆ. ಅವರ ಆಫೀಸಿನ ಫೈಲು ಹಾಗಿರುವುದಿಲ್ಲ, ಅಲ್ವಾ?

ಬರೆದ ಉತ್ತರಗಳನ್ನು ಎಣಿಸುವಾಗ ಅವಸರ ಮಾಡಬಾರದು. ಮೊದಲು 40 ಉತ್ತರ ಓದಿ, ಪ್ರತಿಯೊಂದರ ಪಕ್ಕದಲ್ಲಿ ಅವರದೇ ಮಾತಿನಲ್ಲಿ ಒಂದು ಚಿಕ್ಕ ಹೆಸರು ಬರೆದೆ: ‘ಹೊಂದಿಕೆ ಆಗಲ್ಲ’, ‘ದಿನಾಂಕ ತಿರುಗಾಮುರುಗಾ’, ‘ಫೈಲ್ ನಿಧಾನ’. ಆಮೇಲೆ ಅವೇ ಹೆಸರುಗಳನ್ನು ಹಿಡಿದು ಎಲ್ಲವನ್ನೂ ಮತ್ತೆ ಮೊದಲಿನಿಂದ ಓದಿದೆ. ಎರಡನೇ ಸಲ ಓದುವಾಗಲೇ ಗೊತ್ತಾಗಿದ್ದು, ‘ಫಾರ್ಮುಲಾ ಬರಲ್ಲ’ ಅಂತ ನಾನು ಗುರುತು ಹಾಕಿದ್ದರಲ್ಲಿ ಸುಮಾರು ಅರ್ಧ ನಿಜವಾಗಿ ‘ಡೇಟಾ ಸರಿ ಇಲ್ಲ’ ಅನ್ನುವ ಗುಂಪಿಗೆ ಸೇರಬೇಕಿತ್ತು. ಕೊನೆಗೆ ಅದೇ ಎಲ್ಲಕ್ಕಿಂತ ದೊಡ್ಡ ಗುಂಪಾಯಿತು.

ಯಾರು ಉತ್ತರ ಕೊಡುತ್ತಿದ್ದಾರೆ ಅನ್ನುವುದನ್ನೂ ನೋಡಲೇಬೇಕು. ಮೊದಲ ಸಲ ಲಿಂಕನ್ನು ಚಾನೆಲ್‌ನ ಪೋಸ್ಟ್‌ನಲ್ಲಿ ಮಾತ್ರ ಹಾಕಿದ್ದೆ. ಅದು ಕಾಣುವುದೇ ಖಾಯಂ ಆಗಿ ನೋಡುವವರಿಗೆ. ಈ ಸಲ ಫಾರ್ಮ್‌ನ ಎರಡು ಪ್ರತಿ ಮಾಡಿದೆ. ಒಂದು ಪೋಸ್ಟ್‌ಗೆ. ಇನ್ನೊಂದು, ಹುಡುಕಿಕೊಂಡು ಬರುವವರು ಜಾಸ್ತಿ ಇರುವ ಮೂರು ಹಳೆಯ ವಿಡಿಯೋಗಳಲ್ಲಿ ಪಿನ್ ಮಾಡಿದ ಕಾಮೆಂಟ್‌ಗೆ. ಖಾಯಂ ನೋಡುಗರು ‘ಡ್ಯಾಶ್‌ಬೋರ್ಡ್ ಕಲಿಸಿ’ ಅಂತ ವಿಷಯ ಕೇಳುತ್ತಿದ್ದರು. ಹುಡುಕಿ ಬಂದವರು ಅವತ್ತಿನ ತಮ್ಮ ಕಷ್ಟ ಬರೆಯುತ್ತಿದ್ದರು. ಎರಡನ್ನೂ ಒಂದೇ ರಾಶಿಗೆ ಸೇರಿಸಿದ್ದರೆ ಈ ವ್ಯತ್ಯಾಸ ಕಾಣುತ್ತಲೇ ಇರಲಿಲ್ಲ.

ಇನ್ನು ದುಡ್ಡಿನ ವಿಚಾರ. ‘ಎಷ್ಟು ಕೊಡುತ್ತೀರಿ?’ ಅಂತ ನೇರವಾಗಿ ಕೇಳಿದರೆ ಜನ ಚೌಕಾಸಿಗೆ ಇಳಿದ ಹಾಗೆ ಕಡಿಮೆಯೇ ಹೇಳುತ್ತಾರೆ. ಮೂರು ಬೆಲೆಗಳನ್ನು ಸಾಲಾಗಿ ತೋರಿಸಿದರೆ ಅಗ್ಗದ್ದನ್ನು ಒತ್ತಿಬಿಡುತ್ತಾರೆ. ಅದಕ್ಕೆ ಒಬ್ಬರಿಗೆ ಒಂದೇ ಬೆಲೆ ತೋರಿಸಬೇಕು. ಗೂಗಲ್ ಫಾರ್ಮ್‌ನಲ್ಲಿ ಹುಟ್ಟಿದ ತಿಂಗಳು ಕೇಳಿ, "Go to section based on answer" ಬಳಸಿ ಜನರನ್ನು ಮೂರು ಗುಂಪು ಮಾಡಿದೆ. ಒಂದು ಗುಂಪಿಗೆ ಕಡಿಮೆ ಬೆಲೆ, ಇನ್ನೊಂದಕ್ಕೆ ಅದರ ಎರಡರಷ್ಟು, ಮತ್ತೊಂದಕ್ಕೆ ನಾಲ್ಕರಷ್ಟು. ಕೋರ್ಸಿನಲ್ಲಿ ಏನಿರುತ್ತೆ ಅನ್ನುವ ವಿವರ ಎಲ್ಲರಿಗೂ ಅಕ್ಷರಶಃ ಒಂದೇ.

ಕಡಿಮೆ ಬೆಲೆಗೆ 31 ಜನ ತಗೋತೀನಿ ಅಂದರು, ಎರಡರಷ್ಟಕ್ಕೆ 26, ನಾಲ್ಕರಷ್ಟಕ್ಕೆ 9. ಒಂದೊಂದು ಗುಂಪಿನಲ್ಲಿ ಸುಮಾರು 70 ಜನ ಅಷ್ಟೇ ಇದ್ದರು. ಹಾಗಾಗಿ 31ಕ್ಕೂ 26ಕ್ಕೂ ಇರುವ ಅಂತರವನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಅದು ಆಕಸ್ಮಿಕವೂ ಇರಬಹುದು. ಆದರೆ 26ರಿಂದ 9ಕ್ಕೆ ಕುಸಿದದ್ದನ್ನು ತಳ್ಳಿಹಾಕುವ ಹಾಗಿಲ್ಲ. ಬೆಲೆ ಎರಡರಷ್ಟು ಮಾಡಿದರೂ ಜನ ಅಷ್ಟಾಗಿ ಕಮ್ಮಿಯಾಗಿಲ್ಲ ಅಂದರೆ ಮಧ್ಯದ ಬೆಲೆಯೇ ಸರಿ ಅಂತ ಅದನ್ನೇ ಹಿಡಿದೆ.

ಇದೂ ಬರೀ ಮಾತೇ, ಅದು ನನಗೆ ಗೊತ್ತಿತ್ತು. ಅದಕ್ಕೇ ಪಕ್ಕದಲ್ಲಿ ಇನ್ನೊಂದು ಪ್ರಶ್ನೆ ಇಟ್ಟಿದ್ದೆ: ‘ಕಳೆದ ಒಂದು ವರ್ಷದಲ್ಲಿ ಎಕ್ಸೆಲ್ ಕಲಿಯಲು ಯಾವುದಕ್ಕಾದರೂ ದುಡ್ಡು ಕೊಟ್ಟಿದ್ದೀರಾ? ಯಾವುದಕ್ಕೆ?’ ಆಮೇಲೆ ಮಧ್ಯದ ಬೆಲೆಗೆ ಮುಂಗಡ ಬುಕಿಂಗ್ ತೆರೆದೆ. 20 ಜನ ಸೇರದಿದ್ದರೆ ಕೋರ್ಸ್ ಮಾಡಲ್ಲ, ಪೂರ್ತಿ ದುಡ್ಡು ವಾಪಸ್ ಅಂತ ಮೊದಲೇ ಹೇಳಿದೆ. ಇಮೇಲ್ ಕೊಟ್ಟಿದ್ದ 118 ಜನರಿಗೆ ಪತ್ರ ಹೋಯಿತು. ಎರಡು ವಾರದಲ್ಲಿ 23 ಜನ ದುಡ್ಡು ಕಟ್ಟಿದರು. ಅವರಲ್ಲಿ 15 ಜನ ಮುಂಚೆಯೂ ಏನಾದರೊಂದಕ್ಕೆ ದುಡ್ಡು ಕೊಟ್ಟು ಕಲಿತಿದ್ದವರು. ‘ತಗೋತೀನಿ’ ಅನ್ನುವ ಮಾತಿಗಿಂತ ಈ ಹಳೆಯ ಖರ್ಚೇ ಒಳ್ಳೆಯ ಸುಳಿವು ಕೊಟ್ಟಿತು.

ಕಟ್ಟಿದವರಲ್ಲಿ ಆರು ಜನರಿಗೆ ಫೋನ್ ಮಾಡಿದೆ. 400 ಸಾಲು ಕೈಯಲ್ಲಿ ಹೊಂದಿಸಿದವರೂ ಅವರಲ್ಲಿದ್ದರು. ‘ಎಷ್ಟು ಗಂಟೆಯ ವಿಡಿಯೋ ಇದ್ದರೆ ಒಳ್ಳೆಯದು?’ ಅಂತ ಕೇಳಿದೆ. ‘ಗಂಟೆ ಬೇಡ. ಕೊಳಕು ಫೈಲ್ ಕೊಡಿ, ನಾನು ಸರಿ ಮಾಡಿದ್ದನ್ನ ನೀವು ನೋಡಿ ಹೇಳಿ’ ಅಂದರು. ಕೋರ್ಸಿನ ಯೋಜನೆಯಿಂದ ಅರ್ಧದಷ್ಟು ವಿಡಿಯೋ ತೆಗೆದೆ. ಆ ಜಾಗಕ್ಕೆ 12 ಕೊಳಕು ಫೈಲುಗಳು ಬಂದವು. ಅವನ್ನೂ ನಾನು ಕೂತು ಹುಟ್ಟಿಸಲಿಲ್ಲ. ಸರ್ವೆಯಲ್ಲಿ ಬರೆದವರನ್ನೇ ಕೇಳಿ, ಹೆಸರು ಮತ್ತು ಅಂಕಿ ಬದಲಿಸಿ, ಸ್ಪೇಸ್‌ಗಳನ್ನು ಮಾತ್ರ ಇದ್ದ ಹಾಗೇ ಇಟ್ಟುಕೊಂಡೆ.